ಯಾವಾಗಲೂ ತಡವಾಗಿ ಬರುವ ಗೆಳೆಯನ ಮೇಲೆ ‘ಅಧಿಕೃತ’ ದೂರು ಪತ್ರ ಬರೆದಿದ್ದೇನೆ, ಸ್ವಲ್ಪ ತಿದ್ದಿಕೊಡಿ

ಕಾದುಕಾದು

ನನಗೊಬ್ಬ ಗೆಳೆಯ ಇದ್ದಾನೆ. ಹನ್ನೊಂದು ವರ್ಷದ ಸ್ನೇಹ. ಕೇಳಿದರೆ ಜೀವ ಕೊಡುವವನು, ಆದರೆ ಆರು ಗಂಟೆಗೆ ಕೊಡು ಅಂದರೆ ಆರೂ ಮುಕ್ಕಾಲಿಗೆ ಕೊಡುತ್ತಾನೆ. ಬೈದು ನೋಡಿದೆ, ಎರಡು ವಾರ ಮಾತು ಬಿಟ್ಟು ನೋಡಿದೆ, ನಾನೇ ತಡವಾಗಿ ಹೋಗಿ ಬುದ್ಧಿ ಕಲಿಸೋಣ ಅಂತಲೂ ನೋಡಿದೆ. ಆವತ್ತು ಅವನು ನನಗಿಂತ ಇನ್ನೂ ಹತ್ತು ನಿಮಿಷ ತಡವಾಗಿ ಬಂದು “ಪಾಪ, ಜಾಸ್ತಿ ಹೊತ್ತು ಕಾದ್ಯಾ?” ಅಂತ ಕೇಳಿದ.

ಹೋದ ವಾರ ಬಸ್ ನಿಲ್ದಾಣದಲ್ಲಿ ಅವನಿಗೆ ಕಾಯುತ್ತಾ ನಿಂತಾಗ ತಲೆ ಕೆಟ್ಟು ಮೊಬೈಲಿನಲ್ಲೇ ಒಂದು ದೂರು ಪತ್ರ ಬರೆದೆ. ತಮಾಷೆಗೇ, ಆದರೆ ನೋಡೋಕೆ ಸರ್ಕಾರಿ ಪತ್ರದ ಥರ ಇರಬೇಕು ಅಂತ ಆಸೆ. ಅವನು ಬರುವಷ್ಟರಲ್ಲಿ ಬರೆದು ಮುಗಿದೂ ಹೋಯಿತು. ಇಲ್ಲಿದೆ:

“ಜಗತ್ತಿನ ಸೋಮಾರಿಗಳ ಚಕ್ರವರ್ತಿಯಾದ ನಿನಗೆ, ಈ ಮೂಲಕ ದೂರು ಸಲ್ಲಿಸುವುದೇನೆಂದರೆ, ನೀನು ಸಾವಿರಾರು ಸಲ ತಡವಾಗಿ ಬಂದಿದ್ದೀಯ. ನಿನ್ನನ್ನು ಕಾದು ಕಾದು ನನ್ನ ಗಡ್ಡ ನೆರೆತಿದೆ. ಆಮೆ, ಬಸವನಹುಳು ಕೂಡ ನಿನ್ನ ಮುಂದೆ ಕುದುರೆ. ಇನ್ನು ಮುಂದೆ ಹೀಗಾದರೆ ಕಠಿಣ ಕ್ರಮ ಕೈಗೊಳ್ಳಲಾಗುವುದು.”

ಓದಿದರೆ ನನಗೇ ನಗು ಬರ್ತಿಲ್ಲ. ಎಲ್ಲಿ ಎಡವಿದೆ?

ಗಾಳಿಪಟ

ಬಸವನಹುಳು ಚೆನ್ನಾಗಿದೆ 😂 ಹಾಗೇ ಕಳಿಸಿಬಿಡಿ.

ಆದರೆ ಒಂದು ಮಾತು. ತಡವಾಗಿ ಬರುವವರು ಸೋಮಾರಿಗಳಲ್ಲ, ಆಶಾವಾದಿಗಳು. ದಾರಿ ಖಾಲಿ ಇರುತ್ತೆ, ಬೀಗದ ಕೈ ಕೈಗೇ ಸಿಗುತ್ತೆ ಅಂತ ನಂಬಿಕೊಂಡಿರ್ತಾರೆ. ಪತ್ರಗಿತ್ರ ಬೇಡ. ಆರಕ್ಕೆ ಬರಬೇಕಿದ್ರೆ ಐದೂವರೆ ಅಂತ ಹೇಳಿ, ಮುಗೀತು.

ಹಳೇಗುಮಾಸ್ತ

ಕಚೇರಿಯಲ್ಲಿ 31 ವರ್ಷ ಕಾಗದ ಬರೆದು ನಿವೃತ್ತನಾದವನು ನಾನು. ಕಾದುಕಾದು ಅವರೇ, ನೀವು ಬರೆದಿರುವುದು ದೂರಲ್ಲ, ಬೈಗುಳ. ಅದಕ್ಕೇ ನಗು ಬರ್ತಿಲ್ಲ.

ಕಚೇರಿ ಕಾಗದ ಯಾವತ್ತೂ ಬೈಯುವುದಿಲ್ಲ. ಅದರ ಕ್ರೌರ್ಯವೆಲ್ಲ ಅದರ ಮರ್ಯಾದೆಯಲ್ಲೇ ಇರುವುದು. ಒಬ್ಬರನ್ನು ಕೆಲಸದಿಂದ ತೆಗೆಯುವ ಆದೇಶದಲ್ಲೂ ‘ಶ್ರೀಯುತರು’ ಅಂತಲೇ ಬರೆಯುತ್ತೇವೆ. ನೀವು ಸೋಮಾರಿ, ಚಕ್ರವರ್ತಿ, ಆಮೆ ಎಲ್ಲ ತೆಗೆದುಹಾಕಿ. ಸಾವಿರಾರು ಸಲ ಅನ್ನುವುದನ್ನೂ ತೆಗೆಯಿರಿ. ಕಡತದಲ್ಲಿ ಸಾವಿರಾರು ಅಂತ ಬರೆದರೆ ಮೇಲಿನವರು ಕೇಳುವ ಮೊದಲ ಪ್ರಶ್ನೆ, ಪಟ್ಟಿ ಎಲ್ಲಿ ಅಂತ. ಮೂರು ಸಲದ ತಾರೀಕು, ಹೊತ್ತು ನಿಖರವಾಗಿ ಬರೆಯಿರಿ. 47 ನಿಮಿಷ ಅನ್ನುವುದರಲ್ಲಿ ಇರುವ ತಮಾಷೆ ಸಾವಿರದಲ್ಲಿ ಇಲ್ಲ.

ಇನ್ನೊಂದು. ‘ಕಠಿಣ ಕ್ರಮ’ ಅಂದಿದ್ದೀರಿ. ಏನು ಕ್ರಮ? ನಿಮಗೆ ಬೇಕಾಗಿರುವುದಾದರೂ ಏನು? ಬೇಡಿಕೆ ಇಲ್ಲದ ಅರ್ಜಿಯನ್ನು ಕಡತಕ್ಕೆ ಸೇರಿಸಿ ಮುಚ್ಚಿಬಿಡುತ್ತೇವೆ ನಾವು.

ಮೂಲೆಮೇಜು

ನಮ್ಮಲ್ಲೂ ಒಬ್ಬ ಇದ್ದಾನೆ ಸರ್, ದಿನಾ ಹತ್ತೂವರೆಗೆ ಬರ್ತಾನೆ. ಇಂಥ ಪತ್ರ ನೇರವಾಗಿ ಅವನಿಗೆ ಕೊಡಬೇಡಿ, ಮೊದಲು ಮ್ಯಾನೇಜರ್‌ಗೆ ಇಮೇಲ್ ಹಾಕಿ, ಎಚ್‌ಆರ್‌ಗೆ ಪ್ರತಿ ಇರಲಿ. ನಿಮ್ಮ ಮ್ಯಾನೇಜರ್ ಹೇಗೆ, ಸಪೋರ್ಟ್ ಮಾಡ್ತಾರಾ?

ಕಾದುಕಾದು

ಸರ್, ಅವನು ಗೆಳೆಯ. ಸಹೋದ್ಯೋಗಿ ಅಲ್ಲ. ನಮ್ಮಿಬ್ಬರ ಮೇಲೆ ಮ್ಯಾನೇಜರ್ ಯಾರೂ ಇಲ್ಲ.

ಮೂಲೆಮೇಜು

ಓ. ಹಾಗಾದ್ರೆ ದೂರು ಯಾರಿಗೆ ಕೊಡ್ತೀರಿ?

ಹಳೇಗುಮಾಸ್ತ

ಇವರು ತಪ್ಪಿ ಕೇಳಿದರೂ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ತಪ್ಪು ಮಾಡಿದವನ ಮೇಲೆ ಇನ್ನೊಬ್ಬರಿಗೆ ಕೊಡುವುದು ದೂರು. ತಪ್ಪು ಮಾಡಿದವನಿಗೇ ಕೊಟ್ಟರೆ ಅದು ಕಾರಣ ಕೇಳುವ ನೋಟಿಸು. ನೋಟಿಸು ಕೊಡೋಕೆ ನಿಮಗೆ ಅವನ ಮೇಲೆ ಅಧಿಕಾರ ಇರಬೇಕು, ಅದು ನಿಮಗಿಲ್ಲ. ದೂರು ಕೊಡೋಕೆ ಮೇಲಿನವರು ಬೇಕು, ಅವರೂ ಇಲ್ಲ.

ಗಾಳಿಪಟ

ಅವರಮ್ಮ ಇದ್ದಾರಲ್ಲ, ಮೇಲಿನವರು.

ಕಾದುಕಾದು

ಅವರಮ್ಮನ ಹತ್ತಿರ ಹೇಳಿ ಆಗಿದೆ. “ಹುಟ್ಟುವಾಗಲೂ ಹತ್ತು ದಿನ ತಡ ಮಾಡಿದ, ಏನ್ ಮಾಡ್ಲಿ ಹೇಳಪ್ಪ” ಅಂದರು.

ಹಳೇಗುಮಾಸ್ತ

ಒಂದು ಉಪಾಯ ಇದೆ. ಅವನನ್ನೇ ಅಧಿಕಾರಿ ಮಾಡಿ. ‘ಮುಖ್ಯಸ್ಥರು, ಕುಂದುಕೊರತೆ ವಿಭಾಗ’ ಅಂತ ಅವನ ಹೆಸರಿಗೇ ಪತ್ರ ಬರೆಯಿರಿ. ದೂರು ಯಾರ ಮೇಲೆ? ಅದೇ ಮನೆಯಲ್ಲಿ ವಾಸವಿರುವ, ಅವನದೇ ಅಂಗಿ ಹಾಕಿಕೊಂಡು ಓಡಾಡುವ ‘ಸದರಿ ವ್ಯಕ್ತಿ’ಯ ಮೇಲೆ. ಪತ್ರದ ಉದ್ದಕ್ಕೂ ಇಬ್ಬರೂ ಬೇರೆ ಬೇರೆ ಅನ್ನುವ ಹಾಗೆಯೇ ಬರೆಯಬೇಕು, ಎಲ್ಲೂ ನಗಬಾರದು.

ಅಳತೆಪಟ್ಟಿ

ಗುಮಾಸ್ತರ ಉಪಾಯ ಬರೀ ತಮಾಷೆಯಲ್ಲ, ಅದಕ್ಕೇ ಬರೀತಿದ್ದೀನಿ. ನಾನು ಮನಶ್ಶಾಸ್ತ್ರ ಪಾಠ ಮಾಡ್ತೀನಿ.

ಗಾಳಿಪಟ ಅವರ ‘ಆಶಾವಾದಿ’ ಮಾತು ಅರ್ಧ ಸರಿ. ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನಾವು ಕಡಿಮೆಯೇ ಊಹಿಸ್ತೀವಿ, ಇದನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಬರೆದಿದ್ದಾರೆ. 1994ರಲ್ಲಿ ಬೇರೆ ಮೂವರು ಸಂಶೋಧಕರು ಪದವಿಯ ಕೊನೆಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು, ಮುಗಿಸೋಕೆ ಎಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೈಕೊಟ್ಟರೆ ಎಷ್ಟು ಅಂತ ಕೇಳಿದಾಗ ಸುಮಾರು 49 ಅಂದರು. ನಿಜವಾಗಿ ಹಿಡಿದದ್ದು 55 ದಿನಕ್ಕೂ ಜಾಸ್ತಿ. ಅಂದರೆ ಕೆಟ್ಟದ್ದನ್ನು ಊಹಿಸಿಕೋ ಅಂದಾಗಲೂ ಊಹೆ ಸಾಲಲಿಲ್ಲ.

ಅದು ಸ್ವಭಾವದ ಆಶಾವಾದ ಮಾತ್ರ ಅಲ್ಲ. ಹೊರಡುವ ಮೊದಲು ನಾವು ಮನಸ್ಸಿನಲ್ಲಿ ಒಂದು ಕಥೆ ಕಟ್ಟಿಕೊಳ್ತೀವಿ: ಸ್ನಾನ, ಬಟ್ಟೆ, ಬಾಗಿಲು, ರಸ್ತೆ. ಹೋದ ಸಲ ಇದೇ ಕಥೆಗೆ ಎಷ್ಟು ಹೊತ್ತು ಹಿಡಿದಿತ್ತು ಅಂತ ತಿರುಗಿ ನೋಡಲ್ಲ. ಸ್ವಾರಸ್ಯ ಏನಂದ್ರೆ, ಇನ್ನೊಬ್ಬರು ಎಷ್ಟು ಹೊತ್ತು ಮಾಡ್ತಾರೆ ಅಂತ ಊಹಿಸುವಾಗ ನಾವು ಇಷ್ಟು ಮೋಸ ಹೋಗಲ್ಲ. ಅವರ ಹಳೇ ಲೆಕ್ಕ ತಟ್ಟನೆ ನೆನಪಾಗುತ್ತೆ. ಹಾಗಾಗಿ ಆ ಗೆಳೆಯ ತನ್ನನ್ನೇ ‘ಸದರಿ ವ್ಯಕ್ತಿ’ ಅಂತ ಓದಿದರೆ, ತಾರೀಕಿನ ಪಟ್ಟಿ ಮುಂದಿಟ್ಟುಕೊಂಡು ಓದಿದರೆ, ಏನಾದರೂ ಹೊಳೆಯಬಹುದು. ಹೊಳೆದೇ ಹೊಳೆಯುತ್ತೆ ಅಂತ ನಾನು ಹೇಳಲ್ಲ.

ಮತ್ತೆ ಆ ಅರ್ಧ ಗಂಟೆ ಸುಳ್ಳು ಹೇಳುವ ಉಪಾಯ. ಅದು ಅವನಿಗೆ ಗೊತ್ತಾಗುವವರೆಗೆ ಮಾತ್ರ. ಆಮೇಲೆ ನೀವು ಹೇಳುವ ಎಲ್ಲ ಹೊತ್ತಿಗೂ ಅವನೇ ಅರ್ಧ ಗಂಟೆ ಸೇರಿಸಿಕೊಳ್ತಾನೆ.

ಗಾಳಿಪಟ

ಹ್ಮ್. ನನ್ನ ತಂಗಿಗೆ ಎರಡು ವರ್ಷದಿಂದ ನಡೀತಾ ಇದೆ. ಅವಳಿಗಿನ್ನೂ ಗೊತ್ತಾಗಿಲ್ಲ.

ಕಾದುಕಾದು

ಎಲ್ಲರಿಗೂ ಥ್ಯಾಂಕ್ಸ್. ಹಳೇ ಮೆಸೇಜು ತೆಗೆದು ತಾರೀಕು ಹುಡುಕಿದೆ. ಗಟ್ಟಿಯಾಗಿ ಹೇಳಬಹುದಾದ ನಾಲ್ಕು ಸಿಕ್ಕಿತು.

ಈ ತಿಂಗಳು 2ನೇ ತಾರೀಕು, ಬಸ್ ನಿಲ್ದಾಣ, 47 ನಿಮಿಷ. ಅದಕ್ಕೂ ಮುಂಚೆ ಪಾರ್ಕಿನ ಹತ್ತಿರ, 30 ನಿಮಿಷ. ಸಿನಿಮಾಕ್ಕೆ ಹೋದ ದಿನ 25 ನಿಮಿಷ. ಆವತ್ತು ಕೊಲೆ ಆಗಿಹೋಗಿತ್ತು, ಕೊಲೆಗಾರ ಯಾರು ಅನ್ನೋದಿರಲಿ, ಸತ್ತವನು ಯಾರು ಅಂತಲೇ ನಮಗೆ ಕೊನೆವರೆಗೂ ತಿಳೀಲಿಲ್ಲ.

ನಾಲ್ಕನೆಯದು ಹೋದ ವರ್ಷದ್ದು. ಅಪ್ಪ ಆಸ್ಪತ್ರೆಯಲ್ಲಿದ್ದರು. ರಾತ್ರಿ ಹತ್ತಕ್ಕೆ ಬಂದು ಜೊತೆಗೆ ಇರ್ತೀನಿ ಅಂದಿದ್ದ. ಹನ್ನೆರಡೂವರೆಗೆ ಬಂದ. ಬಂದ, ಬೆಳಗಿನವರೆಗೂ ಇದ್ದ, ಅದು ಬೇರೆ. ಆದರೆ ಆ ಎರಡೂವರೆ ಗಂಟೆ ನಾನು ಆ ಕಾರಿಡಾರಿನಲ್ಲಿ ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಇದನ್ನೂ ಸೇರಿಸಲಾ?

ಹಳೇಗುಮಾಸ್ತ

ಸೇರಿಸಬೇಡಿ. ಬಸ್ ನಿಲ್ದಾಣದ ಪಕ್ಕದಲ್ಲಿ, ಕ್ರಮ ಸಂಖ್ಯೆ 4 ಅಂತ ಅದನ್ನು ಇಟ್ಟರೆ ಎರಡೂ ಕೆಡುತ್ತವೆ. ಅವನು ನಗುತ್ತಾ ಓದುತ್ತಿರುತ್ತಾನೆ, ಅಲ್ಲಿಗೆ ಬಂದು ಮುಖ ಸಪ್ಪಗಾಗುತ್ತದೆ, ಮೇಲಿನ ಮೂರೂ ತಮಾಷೆಯಲ್ಲ ಅಂತ ಅನ್ನಿಸುತ್ತದೆ. ಇಲ್ಲವೇ ಅದನ್ನೂ ನಕ್ಕು ಮುಗಿಸುತ್ತಾನೆ. ಅದು ನಿಮಗೆ ಇನ್ನೂ ಕೆಟ್ಟದು.

ಸೀದಾಮಾತು

ನಾನು ಒಪ್ಪಲ್ಲ. ಹನ್ನೊಂದು ವರ್ಷದಲ್ಲಿ ಇವರಿಗೆ ನಿಜವಾಗಿ ನೋವಾಗಿರೋದು ಅದೊಂದೇ. ಅದನ್ನೇ ಬಿಟ್ಟು ಪಾರ್ಕು, ಸಿನಿಮಾ ಅಂತ ಬರೆದರೆ ಪತ್ರ ಏನಕ್ಕೆ? ತಮಾಷೆ ಮಾಡೋದೇ ಹೇಳೋಕಾಗದ್ದನ್ನು ಹೇಳೋಕೆ ಅಲ್ವಾ. ನನ್ನ ಪ್ರಕಾರ ಆ ಒಂದು ಸಾಲಿಗೋಸ್ಕರವೇ ಉಳಿದ ಪತ್ರ ಬರೀಬೇಕು.

ನಿದ್ದೆಗಣ್ಣು

ಒಂದು ಮಾತು ಹೇಳ್ಲಾ? ನಾನೇ ಆ ಗೆಳೆಯನ ಥರದವಳು.

ನನಗೆ ಎಡಿಎಚ್‌ಡಿ, ಅಂದ್ರೆ ಗಮನ ಒಂದು ಕಡೆ ನಿಲ್ಲದ ತೊಂದರೆ, ಇದೆ ಅಂತ ಗೊತ್ತಾಗಿದ್ದು 34ನೇ ವಯಸ್ಸಿನಲ್ಲಿ. ಅಲ್ಲಿವರೆಗೂ ನಾನು ಬರೀ ‘ಲೇಟು’. ನನಗೆ ಹತ್ತು ನಿಮಿಷಕ್ಕೂ ನಲವತ್ತು ನಿಮಿಷಕ್ಕೂ ಒಳಗೆ ವ್ಯತ್ಯಾಸವೇ ಗೊತ್ತಾಗಲ್ಲ. ಗಡಿಯಾರ ನೋಡಿದಾಗ ಮಾತ್ರ ಗೊತ್ತಾಗೋದು, ನೋಡೋದೂ ಮರೆತಿರ್ತೀನಿ. ಒಂದು ಸಲ ಗೆಳತಿಯರೆಲ್ಲ ಸೇರಿ ‘ವರ್ಷದ ವಿಳಂಬ ಪ್ರಶಸ್ತಿ’ ಅಂತ ಸರ್ಟಿಫಿಕೇಟ್ ಮಾಡಿ ಹದಿನೈದು ಜನರ ಮುಂದೆ ಓದಿದರು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ. ಮನೆಗೆ ಬಂದು ಬೀಗ ತೆಗೆಯೋ ಮುಂಚೆನೇ ಅಳು ಬಂತು.

ನಿಮ್ಮ ಗೆಳೆಯನಿಗೂ ಹಾಗೇ ಇದೆ ಅಂತ ಹೇಳ್ತಿಲ್ಲ. ಸುಮ್ನೆ ಮರೆವಿನ ಆಸಾಮಿಯೂ ಇರಬಹುದು. ಪತ್ರ ಕಳಿಸಿ, ಆದರೆ ಅವನೊಬ್ಬನಿಗೇ ಕಳಿಸಿ. ಗ್ರೂಪಿನಲ್ಲಿ ಹಾಕಬೇಡಿ.

ಹಳೇಗುಮಾಸ್ತ

ಮೇಡಂ ಹೇಳಿದ್ದು ಸರಿ. ನಾನು ‘ಪ್ರತಿಗಳು’ ಅಂತ ಕೆಳಗೆ ನಾಲ್ಕು ಹೆಸರು ಹಾಕಿಸಿ ಇನ್ನಷ್ಟು ನಗಿಸೋಣ ಅಂದುಕೊಂಡಿದ್ದೆ. ಬೇಡ. ‘ಕಚೇರಿ ಕಡತಕ್ಕೆ’ ಅಂತ ಒಂದೇ ಪ್ರತಿ ಇರಲಿ.

ಕಾದುಕಾದು ಅವರೇ, 2ನೇ ತಾರೀಕು ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಅವನಿಂದ ಬಂದ ಮೆಸೇಜುಗಳನ್ನು ಹೊತ್ತಿನ ಸಮೇತ ಇಲ್ಲಿ ಹಾಕಿ. ಕಚೇರಿ ಪತ್ರದಲ್ಲಿ ‘ಉಲ್ಲೇಖ’ ಅಂತ ಒಂದು ಜಾಗ ಇರುತ್ತದಲ್ಲ, ಹಿಂದಿನ ಪತ್ರಗಳನ್ನು ಪಟ್ಟಿ ಮಾಡುವುದು. ನಿಮ್ಮ ತಮಾಷೆಯೆಲ್ಲ ಅಲ್ಲೇ ಕೂತಿದೆ ಅಂತ ನನಗೆ ಅನುಮಾನ.

ಕಾದುಕಾದು

5.40ಕ್ಕೆ ‘ಹೊರಟೆ’. 6.05ಕ್ಕೆ ‘ದಾರೀಲಿದ್ದೀನಿ’. ಆಗ ನಾನು ಫೋನ್ ಮಾಡಿದೆ, ಹಿಂದೆ ಬಕೆಟ್ಟಿಗೆ ನೀರು ಬೀಳೋ ಸದ್ದು. 6.20ಕ್ಕೆ ‘ಐದೇ ನಿಮಿಷ’. 6.47ಕ್ಕೆ ಬಂದ. ಬಂದಾಗ ತಲೆ ಒದ್ದೆ, ಕಿವಿ ಹಿಂದೆ ಸೋಪಿನ ನೊರೆ. ಬಂದವನು ನನಗೆ ಮೆಸೇಜ್ ಮಾಡಿದ್ದು ಏನು ಗೊತ್ತಾ? ‘ಎಲ್ಲಿದ್ದೀಯಾ?’

ಹಳೇಗುಮಾಸ್ತ

ದೇವರೇ. ಇದಕ್ಕೆ ನಾನೇನೂ ಸೇರಿಸಬೇಕಾಗಿಲ್ಲ. ಹೀಗೇ ಬರೆಯಿರಿ.

ಭಾಷೆಯ ಬಗ್ಗೆ ಒಂದೇ ಗುಟ್ಟು. ‘ಸದ್ದು ಕೇಳಿಸಿತು’ ಅಂತ ಬರೀಬೇಡಿ, ‘ಕೇಳಿಬಂದಿರುತ್ತದೆ’ ಅನ್ನಿ. ‘ಇರುತ್ತದೆ’ ಸೇರಿದ ಕೂಡಲೇ ವಾಕ್ಯಕ್ಕೆ ಮೇಜು, ಕುರ್ಚಿ, ಫ್ಯಾನು ಎಲ್ಲ ಬಂದುಬಿಡುತ್ತವೆ. ಹಾಗಂತ ಸಾಲಿಗೆ ಮೂರು ‘ಸದರಿ’ ತುರುಕಬೇಡಿ, ಅಣಕ ಅಂತ ಗೊತ್ತಾಗಿಬಿಡುತ್ತದೆ. ಆಮೇಲೆ ಬೇಡಿಕೆ. ‘ಸರಿಯಾದ ಹೊತ್ತಿಗೆ ಬರಬೇಕು’ ಅಂತ ಕೇಳಬೇಡಿ. ಅದು ಅವನಿಂದ ಆಗುವುದಿಲ್ಲ, ಹನ್ನೊಂದು ವರ್ಷದ ದಾಖಲೆ ಇದೆ. ಅವನ ಕೈಲಿ ಆಗುವಂಥದ್ದು, ಆಯಿತೋ ಇಲ್ಲವೋ ಅಂತ ನೀವು ನೋಡಬಹುದಾದದ್ದು, ಒಂದೇ ಒಂದು ಕೇಳಿ.

ಅಳತೆಪಟ್ಟಿ

‘ಹೊರಟೆ’ ಅನ್ನೋ ಮೆಸೇಜನ್ನು ಬಾಗಿಲಿಗೆ ಬೀಗ ಹಾಕಿದ ಮೇಲೇ ಕಳಿಸಬೇಕು ಅಂತ ಕೇಳಿ. ತಡ ಮಾಡಲಿ, ಆದರೆ ನಿಮಗೆ ನಿಜ ಗೊತ್ತಿರುತ್ತೆ. ನೀವೂ ಆಗಲೇ ಮನೆ ಬಿಡಬಹುದು. ಕಾಯುವವರನ್ನು ಅರ್ಧ ಸುಸ್ತು ಮಾಡೋದು ಆ ‘ಐದೇ ನಿಮಿಷ’.

ನಿದ್ದೆಗಣ್ಣು

ಇದು ನನ್ನಿಂದಲೂ ಆಗುತ್ತೆ ಅನ್ಸುತ್ತೆ. ನಾವು ‘ಹೊರಟೆ’ ಅನ್ನೋದು ಸುಳ್ಳಲ್ಲ ರೀ, ಮನಸ್ಸು ಹೊರಟಿರುತ್ತೆ 🙈

ಕಾದುಕಾದು

ಎರಡು ದಿನ ಕೂತು ಬರೆದೆ. ಇದು ಕೊನೆಯದು:

ಇಂದ: ಕಾಯುವ ವಿಭಾಗ, ಬಸ್ ನಿಲ್ದಾಣ (ಬಲಗಡೆಯಿಂದ ಮೂರನೇ ಕಂಬ)

ಗೆ: ಮುಖ್ಯಸ್ಥರು, ಕುಂದುಕೊರತೆ ವಿಭಾಗ, ತಮ್ಮ ಮನೆ

ಮಾನ್ಯರೆ,

ವಿಷಯ: ತಮ್ಮ ಮನೆಯಲ್ಲಿ ವಾಸವಿರುವ ವ್ಯಕ್ತಿಯೊಬ್ಬರು ನಿಗದಿತ ವೇಳೆಗೆ ಹಾಜರಾಗದಿರುವ ಬಗ್ಗೆ ದೂರು.

ಉಲ್ಲೇಖ: 1) ಸದರಿಯವರ ಸಂದೇಶ ‘ಹೊರಟೆ’, ಸಂಜೆ 5.40. 2) ಸಂದೇಶ ‘ದಾರೀಲಿದ್ದೀನಿ’, 6.05. 3) ಸಂದೇಶ ‘ಐದೇ ನಿಮಿಷ’, 6.20. 4) ಸಂದೇಶ ‘ಎಲ್ಲಿದ್ದೀಯಾ?’, 6.47.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ದೂರಿಗೆ ಒಳಗಾದ ವ್ಯಕ್ತಿಯು ತಮ್ಮ ಮನೆಯಲ್ಲಿಯೇ, ತಮ್ಮ ಬಟ್ಟೆಗಳನ್ನೇ ಧರಿಸಿ ವಾಸವಿದ್ದು, ತಮಗೆ ಪರಿಚಿತರಿರುತ್ತಾರೆ. ಇವರು 2ನೇ ತಾರೀಕಿನಂದು 47 ನಿಮಿಷ, ಅದಕ್ಕೂ ಮುನ್ನ ಪಾರ್ಕಿನ ಬಳಿ 30 ನಿಮಿಷ ಹಾಗೂ ಚಿತ್ರಮಂದಿರದಲ್ಲಿ 25 ನಿಮಿಷ ವಿಳಂಬವಾಗಿ ಹಾಜರಾಗಿರುತ್ತಾರೆ. ಚಿತ್ರಮಂದಿರದ ಪ್ರಕರಣದಲ್ಲಿ ಮೃತಪಟ್ಟವರು ಯಾರೆಂಬುದು ಇಂದಿನವರೆಗೂ ತಿಳಿದುಬಂದಿರುವುದಿಲ್ಲ.

ಉಲ್ಲೇಖ 2ರಲ್ಲಿ ತಾವು ದಾರಿಯಲ್ಲಿರುವುದಾಗಿ ಅವರು ತಿಳಿಸಿದ್ದು, ಅದೇ ವೇಳೆ ಮಾಡಲಾದ ಕರೆಯಲ್ಲಿ ಬಕೆಟ್ಟಿಗೆ ನೀರು ಬೀಳುವ ಶಬ್ದ ಕೇಳಿಬಂದಿರುತ್ತದೆ. ಆ ದಾರಿಯಲ್ಲಿ ನಲ್ಲಿ ಇರುವ ಬಗ್ಗೆ ಈ ವಿಭಾಗದಲ್ಲಿ ಯಾವುದೇ ದಾಖಲೆ ಲಭ್ಯವಿರುವುದಿಲ್ಲ. ಹಾಜರಾದ ಸಮಯದಲ್ಲಿ ಕಿವಿಯ ಹಿಂಭಾಗದಲ್ಲಿ ನೊರೆ ಕಂಡುಬಂದಿದ್ದು, ಒಣಗುವ ಮುನ್ನ ಪರಿಶೀಲಿಸಲಾಗಿದೆ. ಉಲ್ಲೇಖ 4ರಲ್ಲಿ ಕೇಳಲಾದ ಪ್ರಶ್ನೆಗೆ ಉತ್ತರ: ಇಲ್ಲಿಯೇ, 6.00 ಗಂಟೆಯಿಂದ.

ಆದ್ದರಿಂದ, ‘ಹೊರಟೆ’ ಎಂಬ ಸಂದೇಶವನ್ನು ಬಾಗಿಲಿಗೆ ಬೀಗ ಹಾಕಿದ ನಂತರವೇ ಕಳುಹಿಸುವಂತೆ ಅವರಿಗೆ ಸೂಚಿಸಿ, 7 ದಿನಗಳೊಳಗೆ ಉತ್ತರ ನೀಡಬೇಕಾಗಿ ಕೋರಿದೆ.

ತಮ್ಮ ವಿಶ್ವಾಸಿ,
(ಸಹಿ)

ಪ್ರತಿ: ಕಚೇರಿ ಕಡತಕ್ಕೆ.

ಆಸ್ಪತ್ರೆಯದನ್ನು ಬಿಟ್ಟೆ. ಸೀದಾಮಾತು ಅವರೇ, ಎರಡು ಸಲ ಸೇರಿಸಿ ಎರಡು ಸಲ ತೆಗೆದೆ. ಅವನಿಗೊಬ್ಬನಿಗೇ ಕಳಿಸಿದ್ದೇನೆ.

ಸೀದಾಮಾತು

ಪತ್ರ ಚೆನ್ನಾಗಿದೆ. ಆದರೂ ನಾನು ಅದೇ ಹೇಳೋದು.

ಮೂಲೆಮೇಜು

ನಾನೂ ಇದನ್ನೇ ಸ್ವಲ್ಪ ಬದಲಾಯಿಸಿ ನಮ್ಮ ಹತ್ತೂವರೆಯವನ ಮೇಲೆ ಕಳಿಸಬಹುದಾ?

ಹಳೇಗುಮಾಸ್ತ

ದಯವಿಟ್ಟು ಬೇಡ. ಇದು ಇಬ್ಬರು ಸಮಾನರ ನಡುವಿನ ಕಾಗದ. ನಿಜವಾದ ಕಚೇರಿಯಲ್ಲಿ ಇದು ನಿಜವಾದ ಕಾಗದ ಆಗಿಬಿಡುತ್ತದೆ.

ಕಾದುಕಾದು

ಉತ್ತರ ಬಂತು! ಏಳು ದಿನ ಕೊಟ್ಟಿದ್ದೆ, ಆರನೇ ದಿನಕ್ಕೇ ಬಂತು. ಹನ್ನೊಂದು ವರ್ಷದಲ್ಲಿ ಮೊದಲನೇ ಸಲ. ಇಡೀ ಪತ್ರ ಹಾಕಲ್ಲ, ಮುಖ್ಯವಾದದ್ದು ಮಾತ್ರ.

“ತಮ್ಮ ದೂರನ್ನು ಸ್ವೀಕರಿಸಲಾಗಿದೆ. ದೂರಿಗೆ ಒಳಗಾದ ವ್ಯಕ್ತಿಯನ್ನು ಕನ್ನಡಿಯ ಮುಂದೆ ವಿಚಾರಣೆ ನಡೆಸಲಾಗಿ, ಬೀಗದ ವಿಷಯಕ್ಕೆ ಒಪ್ಪಿರುತ್ತಾರೆ. ಆದರೆ ಪಾರ್ಕಿನ 30 ನಿಮಿಷದ ಬಗ್ಗೆ ಆಕ್ಷೇಪಣೆ ಇರುತ್ತದೆ. ಸದರಿ ದಿನ ಮುಂದಿನ ಗೇಟಿನ ಬದಲು ಹಿಂದಿನ ಗೇಟಿಗೆ ಬರುವಂತೆ ದೂರುದಾರರೇ 6.10ಕ್ಕೆ ಸಂದೇಶ ಕಳುಹಿಸಿದ್ದು, ಆ ವೇಳೆಗಾಗಲೇ ಮುಂದಿನ ಗೇಟಿಗೆ ಬಂದಿದ್ದ ಸದರಿಯವರು ಮೊಬೈಲ್ ನೋಡದೆ ಅಲ್ಲಿಯೇ ನಿಂತಿರುತ್ತಾರೆ. ಆದ್ದರಿಂದ 30ರಲ್ಲಿ 20 ನಿಮಿಷ ದೂರುದಾರರ ಖಾತೆಗೆ ಸೇರತಕ್ಕದ್ದು.”

ಮೆಸೇಜ್ ತೆಗೆದು ನೋಡಿದೆ. ನಿಜ. ನಾನೇ ಗೇಟು ಬದಲಾಯಿಸಿದ್ದೆ.

ಹಳೇಗುಮಾಸ್ತ

ದಾಖಲೆ ಪರಿಶೀಲಿಸದೆ ಸಹಿ ಹಾಕಿದರೆ ಹೀಗೇ. ತಿದ್ದುಪಡಿ ಕಳಿಸಿ. ಆಸಾಮಿ ನನಗೆ ಇಷ್ಟವಾದ.

ಕಾದುಕಾದು

ಕಳಿಸಿದೆ ಸರ್. ಆದರೆ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ನಿನ್ನೆ ಹಾಕೋಣ ಅಂದುಕೊಂಡು ಸುಮ್ಮನಾದೆ.

“ಮುಂದುವರಿದು, ಹೋದ ವರ್ಷ ಆಸ್ಪತ್ರೆಯಲ್ಲಿ ಆದ ವಿಳಂಬ ದೂರಿನಲ್ಲಿ ಕಂಡುಬರುತ್ತಿಲ್ಲ. ಅದು ಕಣ್ತಪ್ಪಿನಿಂದ ಬಿಟ್ಟುಹೋಗಿದೆಯೋ, ಬೇಕೆಂದೇ ಬಿಡಲಾಗಿದೆಯೋ, ದಯವಿಟ್ಟು ತಿಳಿಸುವುದು.”

ಸೀದಾಮಾತು

...

ನಿದ್ದೆಗಣ್ಣು

ಅವನಿಗೆ ನೆನಪಿದೆ. ನಮಗೆ ಎಲ್ಲಾ ನೆನಪಿರುತ್ತೆ ರೀ.

ಹಳೇಗುಮಾಸ್ತ

ಏನಂತ ಉತ್ತರ ಬರೆದಿರಿ?

ಕಾದುಕಾದು

ಬರೆದಿಲ್ಲ. ನಾಳೆ ಸಿಗ್ತಿದ್ದೀವಿ, ಅಲ್ಲೇ ಬಾಯಲ್ಲಿ ಹೇಳ್ತೀನಿ. ಆರು ಗಂಟೆಗೆ ಅಂದಿದ್ದಾನೆ. ಓದೋಕೆ ಒಂದು ಪುಸ್ತಕ ಹಿಡ್ಕೊಂಡು ಹೋಗ್ತೀನಿ.